ಒಂದೇ ಐಪಿ ಅಡ್ರೆಸ್‌ಗೆ ಎರಡು ಸಾಧನ: ಆಫೀಸ್ ನೆಟ್‌ವರ್ಕ್ ಆಗಾಗ ಕೈಕೊಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು ಹದಿನೈದು ಜನರ ಆಫೀಸು, ಒಂದು ರೂಟರ್, ಒಂದೆರಡು ಸ್ವಿಚ್, ಒಂದಿಷ್ಟು ಕಂಪ್ಯೂಟರ್, ಪ್ರಿಂಟರ್, ಫೋನ್. ಎಲ್ಲಾ ಸರಿ ಇರುತ್ತದೆ, ಆದರೆ ಯಾವುದೋ ಒಂದು ಸಾಧನ ದಿನಕ್ಕೆ ನಾಲ್ಕೈದು ಸಲ ಅರ್ಧ ನಿಮಿಷ ಕೆಲಸ ನಿಲ್ಲಿಸಿ ಮತ್ತೆ ತಾನಾಗಿಯೇ ಸರಿಹೋಗುತ್ತದೆ. ಇಂಥ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಈ ತೊಂದರೆ ಬಂದಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಾನೇ ಎರಡು ವಾರ ಒದ್ದಾಡಿದ ಒಂದು ಕೇಸನ್ನು ಮೊದಲಿಂದ ಕೊನೆವರೆಗೂ ಇಟ್ಟುಕೊಂಡು ಹೇಳುತ್ತೇನೆ, ಯಾಕೆಂದರೆ ಈ ತೊಂದರೆಯ ಹೆಚ್ಚಿನ ಮುಖಗಳು ಅದರಲ್ಲೇ ಕಾಣಿಸಿಕೊಂಡಿದ್ದವು.

## ನಮ್ಮಲ್ಲಿ ಆಗುತ್ತಿರುವುದು ಇದೇನಾ ಅಂತ ಹೇಗೆ ಗೊತ್ತಾಗುತ್ತದೆ?

ಆ ಕೇಸಿನಲ್ಲಿ ಬಂದಿದ್ದು ಎರಡು ದೂರು, ಅದೂ ಬೇರೆ ಬೇರೆ ಜನರಿಂದ. ಒಬ್ಬರದ್ದು, ಮೇಜಿನ ಮೇಲಿನ ಐಪಿ ಫೋನಿನಲ್ಲಿ ಮಾತಾಡುತ್ತಿರುವಾಗ ಆ ಕಡೆಯವರ ದನಿ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ಆದರೆ ಇವರು ಮಾತಾಡಿದ್ದು ಮಾತ್ರ ಆ ಕಡೆಯವರಿಗೆ ಕೇಳಿಸುತ್ತಲೇ ಇರುತ್ತದೆ. ಇನ್ನೊಬ್ಬರದ್ದು, ಪ್ರಿಂಟರ್ ಆಗಾಗ ಆಫ್‌ಲೈನ್ ಅಂತ ತೋರಿಸುತ್ತದೆ, ಐದು ನಿಮಿಷ ಬಿಟ್ಟು ನೋಡಿದರೆ ಸರಿ ಇರುತ್ತದೆ. ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಲಿಲ್ಲ. ಫೋನಿಗೆ ಕೇಬಲ್ ಬದಲಾಯಿಸಿದೆ, ಪ್ರಿಂಟರಿಗೆ ಡ್ರೈವರ್ ಹೊಸದಾಗಿ ಹಾಕಿದೆ. ಏನೂ ಆಗಲಿಲ್ಲ.

ಆಮೇಲೆ ದಾರಿ ತೋರಿಸಿದ್ದು ಒಂದು ಸಣ್ಣ ವಿಷಯ. ಸಂಜೆ ಎಲ್ಲರೂ ಹೋದ ಮೇಲೆ ನಾನು ಪರೀಕ್ಷೆ ಮಾಡಿದಾಗಲೆಲ್ಲ ಫೋನ್ ಒಂದು ಚೂರೂ ಕೆಟ್ಟಿರಲಿಲ್ಲ. ಸಂಜೆ ಆ ಆಫೀಸಿನಲ್ಲಿ ಬಂದ್ ಆಗುತ್ತಿದ್ದದ್ದು ಏನು ಅಂತ ಕೇಳಿದರೆ ಕಂಪ್ಯೂಟರುಗಳು, ಮತ್ತೆ ಪ್ರಿಂಟರ್. ಒಂದು ಸಾಧನ ಬಂದ್ ಆದಾಗ ಸಂಬಂಧವೇ ಇಲ್ಲದ ಇನ್ನೊಂದು ಸಾಧನ ಸರಿಹೋಗುತ್ತದೆ ಅಂದರೆ ಅವೆರಡೂ ಏನನ್ನೋ ಹಂಚಿಕೊಂಡಿವೆ ಅಂತಲೇ ಅರ್ಥ. ಇಲ್ಲಿ ಹಂಚಿಕೊಂಡಿದ್ದು ಐಪಿ ಅಡ್ರೆಸ್. ಎರಡೂ `192.168.1.120` ಅಂತ ಕೂತಿದ್ದವು.

ಹಾಗಾಗಿ ದೂರು ಬಂದಾಗ ಏನು ಕೆಡುತ್ತದೆ ಅಂತ ಮಾತ್ರ ಬರೆದುಕೊಳ್ಳಬೇಡಿ. ಎಷ್ಟು ಹೊತ್ತಿಗೆ ಕೆಟ್ಟಿತು, ಆಗ ಬೇರೆ ಏನೇನು ಆನ್ ಆಗಿತ್ತು, ಅದನ್ನೂ ಬರೆದುಕೊಳ್ಳಿ.

## ಒಂದೇ ಅಡ್ರೆಸ್ ಎರಡಕ್ಕೆ ಸಿಗೋದು ಹೇಗೆ? ಹಂಚುವ ಕೆಲಸ ರೂಟರ್‌ದು ಅಲ್ವಾ?

ರೂಟರ್ ತಾನು ಹಂಚಿದ್ದನ್ನು ಮಾತ್ರ ಲೆಕ್ಕ ಇಟ್ಟುಕೊಳ್ಳುತ್ತದೆ. ಯಾರಾದರೂ ಸಾಧನದ ಮೆನುಗೆ ಹೋಗಿ ಕೈಯಿಂದ ಅಡ್ರೆಸ್ ಬರೆದಿದ್ದರೆ ಅದು ರೂಟರಿಗೆ ಗೊತ್ತೇ ಆಗುವುದಿಲ್ಲ. ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲೇ, ಕೈಯಿಂದ ಬರೆದ ಅಡ್ರೆಸ್ ರೂಟರ್ ತಾನಾಗಿ ಹಂಚುವ ಸಾಲಿನ ಒಳಗೆ ಬಿದ್ದಾಗ.

ನಮ್ಮ ಕೇಸಿನಲ್ಲಿ ಪ್ರಿಂಟರ್ ಹಾಕಿದವರು ಅದಕ್ಕೆ `192.168.1.120` ಅಂತ ಕೈಯಿಂದಲೇ ಬರೆದಿದ್ದರು. ಹಳೆಯ ರೂಟರ್ ಹಂಚುತ್ತಿದ್ದದ್ದು ಕೊನೆಯ ನಂಬರ್ 2ರಿಂದ 99ರವರೆಗೆ ಇರುವ ಅಡ್ರೆಸ್‌ಗಳನ್ನು, ಹಾಗಾಗಿ ವರ್ಷಗಟ್ಟಲೆ ಏನೂ ಆಗಿರಲಿಲ್ಲ. ಆಮೇಲೆ ರೂಟರ್ ಬದಲಾಯಿತು. ಹೊಸದು ಹಂಚುವುದು 100ರಿಂದ 199ರವರೆಗೆ. ಆ ದಿನವೂ ಏನೂ ಆಗಲಿಲ್ಲ, ಯಾಕೆಂದರೆ 100, 101 ಅಂತ ಬೇರೆ ನಂಬರುಗಳು ಬೇಕಾದಷ್ಟು ಖಾಲಿ ಇದ್ದವು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಹೊಸ ಐಪಿ ಫೋನ್ ತಂದು ಹಾಕಿದರು, ಅದಕ್ಕೆ 120 ಸಿಕ್ಕಿತು. ತಪ್ಪಾಗಿದ್ದು ರೂಟರ್ ಬದಲಿಸಿದ ದಿನ, ತೊಂದರೆ ಕಾಣಿಸಿದ್ದು ಫೋನ್ ಬಂದ ಮೇಲೆ. ಎಲ್ಲರೂ ಫೋನನ್ನೇ ಬೈಯ್ಯುತ್ತಿದ್ದರು.

## ಕೊಡುವ ಮೊದಲು ರೂಟರ್ ಒಂದು ಸಲ ನೋಡಲ್ವಾ?

ಕೆಲವು ನೋಡುತ್ತವೆ, ಕೆಲವು ನೋಡುವುದಿಲ್ಲ. ನೋಡುವಂಥವು ಆ ಅಡ್ರೆಸ್‌ಗೆ ಪಿಂಗ್, ಅಂದರೆ ಇದ್ದೀಯಾ ಅಂತ ಕೇಳುವ ಒಂದು ಸಣ್ಣ ಸಂದೇಶ, ಕಳಿಸಿ ಸ್ವಲ್ಪ ಕಾಯುತ್ತವೆ, ಉತ್ತರ ಬಾರದಿದ್ದರೆ ಖಾಲಿ ಇದೆ ಅಂದುಕೊಂಡು ಕೊಟ್ಟುಬಿಡುತ್ತವೆ. ಆದರೆ ಬಂದ್ ಆಗಿರುವ ಪ್ರಿಂಟರ್ ಪಿಂಗ್‌ಗೆ ಉತ್ತರ ಕೊಡಲು ಸಾಧ್ಯವೇ ಇಲ್ಲ. ಫೋನ್ ಹಾಕಿದ್ದು ಸಂಜೆ, ಆಗ ಪ್ರಿಂಟರ್ ಬಂದ್. ರೂಟರ್ ನೋಡಿದ್ದರೂ ಅದಕ್ಕೆ ಖಾಲಿ ಅಂತಲೇ ಕಾಣುತ್ತಿತ್ತು.

ಇನ್ನೂ ಒಂದು ವಿಷಯ ಇದೆ. ಫೋನಿಗೆ ಈ ಅಡ್ರೆಸ್ ಸಿಕ್ಕಿದ್ದು 24 ಗಂಟೆಯ ಅವಧಿಗೆ. ಆದರೆ ಸಾಧನಗಳು ಅವಧಿ ಮುಗಿಯುವವರೆಗೆ ಕಾಯುವುದಿಲ್ಲ, ಅರ್ಧ ಕಳೆದ ಕೂಡಲೇ, ಅಂದರೆ 12 ಗಂಟೆಗೆ, ಇದನ್ನೇ ಮುಂದುವರಿಸು ಅಂತ ರೂಟರನ್ನು ಕೇಳುತ್ತವೆ. ಮುಂದುವರಿಸುವಾಗ ಅದು ಬೇರೆಯವರ ಹತ್ತಿರ ಇದೆಯಾ ಅಂತ ಮತ್ತೆ ಪರೀಕ್ಷೆ ನಡೆಯುವುದಿಲ್ಲ. ಫೋನ್ ರಾತ್ರಿ ಹಗಲು ಆನ್ ಇರುವ ವಸ್ತು. ಒಂದು ಸಲ 120 ಸಿಕ್ಕಿದ ಮೇಲೆ ಅದನ್ನು ಬಿಡುವ ಪ್ರಶ್ನೆಯೇ ಬರಲಿಲ್ಲ. ನಾಳೆ ಬೇರೆ ನಂಬರ್ ಸಿಗುತ್ತದೆ, ತಾನಾಗಿ ಸರಿಹೋಗುತ್ತದೆ ಅಂತ ಕಾದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

## ಎರಡು ಸಾಧನ ಒಂದೇ ಅಡ್ರೆಸ್‌ನಲ್ಲಿದ್ದರೆ ಎರಡೂ ಪೂರ್ತಿ ನಿಲ್ಲಬೇಕಲ್ಲ? ಆಗಾಗ ಮಾತ್ರ ಯಾಕೆ?

ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಉಳಿದದ್ದೆಲ್ಲ ಸುಲಭ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಫೀಸಿನ ಒಳಗೆ ಡೇಟಾ ನಿಜವಾಗಿ ತಲುಪುವುದು ಐಪಿ ಅಡ್ರೆಸ್ ನೋಡಿ ಅಲ್ಲ, ಮ್ಯಾಕ್ ಅಡ್ರೆಸ್ ನೋಡಿ. ಮ್ಯಾಕ್ ಅಂದರೆ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಬೇರೆ ಬೇರೆ ಇರುವ ನಂಬರ್. ಒಂದು ಕಂಪ್ಯೂಟರಿಗೆ 120ರ ಜೊತೆ ಮಾತಾಡಬೇಕು ಅಂದರೆ ಅದು ಮೊದಲು ಎಲ್ಲರಿಗೂ ಕೇಳುವಂತೆ 120 ಯಾರು ಅಂತ ಕೂಗುತ್ತದೆ. ಹೀಗೆ ಕೂಗಿ ಕೇಳುವ ಪದ್ಧತಿಗೆ ಎಆರ್‌ಪಿ ಅಂತ ಹೆಸರು. 120 ಇರುವ ಸಾಧನ ನಾನೇ, ನನ್ನ ಮ್ಯಾಕ್ ಇದು ಅಂತ ಹೇಳುತ್ತದೆ. ಕೇಳಿದ ಕಂಪ್ಯೂಟರ್ ಅದನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಆಮೇಲೆ ಸ್ವಲ್ಪ ಹೊತ್ತು ಕೂಗದೆ ಆ ಪಟ್ಟಿ ನೋಡಿಯೇ ಕಳಿಸುತ್ತದೆ. ಕ್ಲಾಸಿನಲ್ಲಿ ಹಾಜರಿ ಕರೆದಾಗ ಒಂದೇ ಹೆಸರಿಗೆ ಇಬ್ಬರು ಎದ್ದು ನಿಂತ ಹಾಗೆ ಇಲ್ಲಿ ಎರಡು ಉತ್ತರ ಬರುತ್ತದೆ, ಆದರೆ ಪಟ್ಟಿಯಲ್ಲಿ ಜಾಗ ಇರುವುದು ಒಂದಕ್ಕೆ ಮಾತ್ರ.

ಈಗ ಬಹಳ ಜನರಿಗೆ ಗೊತ್ತಿಲ್ಲದ ಭಾಗ. ಸಾಧನಗಳು ಉತ್ತರ ಕೊಡುವಾಗ ಮಾತ್ರ ತಮ್ಮ ಮ್ಯಾಕ್ ಹೇಳುವುದಲ್ಲ, ಪ್ರಶ್ನೆ ಕೇಳುವಾಗಲೂ ಹೇಳುತ್ತವೆ. ಪ್ರಿಂಟರ್ ನಿದ್ದೆಯಿಂದ ಎದ್ದು, ರೂಟರ್ ಯಾರು ಅಂತ ಕೇಳಿದರೆ ಆ ಪ್ರಶ್ನೆಯ ಒಳಗೇ 120 ಅಂದರೆ ನಾನು, ನನ್ನ ಮ್ಯಾಕ್ ಇದು ಅಂತಲೂ ಬರೆದಿರುತ್ತದೆ. ಅದನ್ನು ನೋಡಿದ ಕೂಡಲೇ ರೂಟರ್ ತನ್ನ ಪಟ್ಟಿಯಲ್ಲಿ 120ರ ಮುಂದೆ ಇದ್ದ ಫೋನಿನ ಮ್ಯಾಕ್ ಅಳಿಸಿ ಪ್ರಿಂಟರಿನ ಮ್ಯಾಕ್ ಬರೆದುಕೊಳ್ಳುತ್ತದೆ. ಆ ಕ್ಷಣದಿಂದ ಫೋನಿಗೆ ಬರಬೇಕಾದ ದನಿಯೆಲ್ಲ ಪ್ರಿಂಟರಿಗೆ ಹೋಗುತ್ತದೆ. ಪ್ರಿಂಟರ್ ಅದನ್ನು ತೆಗೆದುಕೊಂಡು ಏನು ಮಾಡುತ್ತದೆ, ಬಿಸಾಡುತ್ತದೆ.

ಫೋನಿನಿಂದ ಹೊರಗೆ ಹೋಗುವ ದನಿಗೆ ಮಾತ್ರ ಏನೂ ತೊಂದರೆ ಇಲ್ಲ, ಯಾಕೆಂದರೆ ಅದು ಹೋಗುವುದು ರೂಟರಿನ ಮ್ಯಾಕ್‌ಗೆ, ಅಲ್ಲಿ ಜಗಳ ಇಲ್ಲ. ಒಂದೇ ಕಡೆ ದನಿ ಹೋಗುತ್ತಿದ್ದದ್ದು ಇದಕ್ಕೇ. ಸ್ವಲ್ಪ ಹೊತ್ತಿಗೆ ಫೋನ್ ತಾನೂ ರೂಟರನ್ನು ಹೀಗೇ ಏನೋ ಕೇಳುತ್ತದೆ, ಪಟ್ಟಿ ಮತ್ತೆ ಫೋನಿನ ಕಡೆ ತಿರುಗುತ್ತದೆ, ದನಿ ವಾಪಸ್ ಬರುತ್ತದೆ. ದಿನವಿಡೀ ಈ ಎಳೆದಾಟ. ಯಾರು ಕೊನೆಗೆ ಮಾತಾಡಿದರೋ ಅವರದ್ದು ಅಡ್ರೆಸ್.

ಅರ್ಧ ಪ್ರಿಂಟ್ ಆಗಿ ನಿಲ್ಲುವುದೂ ಇದರಿಂದಲೇ. ದೊಡ್ಡ ಫೈಲ್ ಪ್ರಿಂಟರಿಗೆ ಹೋಗುತ್ತಿರುವಾಗ ನಡುವೆ ಕಂಪ್ಯೂಟರಿನ ಪಟ್ಟಿ ತಿರುಗಿದರೆ ಉಳಿದ ಭಾಗ ಫೋನಿಗೆ ತಲುಪುತ್ತದೆ. ಫೋನಿಗೆ ಈ ಸಂಪರ್ಕದ ತಲೆಬುಡ ಗೊತ್ತಿಲ್ಲ, ಅದು ನೇರವಾಗಿ ಸಂಪರ್ಕ ಕಡಿದುಹಾಕುತ್ತದೆ.

## ನನಗೆ ಪ್ರಿಂಟ್ ಆಗುತ್ತದೆ, ಪಕ್ಕದವರಿಗೆ ಅದೇ ಹೊತ್ತಿಗೆ ಆಗಲ್ಲ. ಅದು ಹೇಗೆ?

ಪ್ರತಿ ಕಂಪ್ಯೂಟರಿಗೂ ತನ್ನದೇ ಪಟ್ಟಿ ಇರುತ್ತದೆ. ನಿಮ್ಮದರಲ್ಲಿ 120ರ ಮುಂದೆ ಪ್ರಿಂಟರ್ ಇದೆ, ಅವರದರಲ್ಲಿ ಫೋನ್ ಇದೆ, ಅಷ್ಟೇ. ಅವರ ಕಂಪ್ಯೂಟರ್ ಕೆಟ್ಟಿಲ್ಲ, ಡ್ರೈವರ್ ತೆಗೆದು ಹಾಕುವ ಕೆಲಸವೂ ಬೇಡ. ಹಾಕಿದರೆ ಒಂದೊಂದು ಸಲ ಸರಿಹೋದ ಹಾಗೆ ಕಾಣುತ್ತದೆ, ಯಾಕೆಂದರೆ ಅಷ್ಟು ಹೊತ್ತಿಗೆ ಪಟ್ಟಿ ತಿರುಗಿರುತ್ತದೆ. ಆಗ ಡ್ರೈವರ್‌ದೇ ತಪ್ಪು ಅಂತ ನಂಬಿಕೆ ಬಂದುಬಿಡುತ್ತದೆ, ಹುಡುಕುವುದು ಇನ್ನೊಂದು ವಾರ ಮುಂದೆ ಹೋಗುತ್ತದೆ. ನನಗೆ ಆಗಿದ್ದು ಅದೇ.

## ಪಿಂಗ್ ಮಾಡಿದರೆ ಸರಿಯಾಗಿ ಉತ್ತರ ಬರುತ್ತಿದೆಯಲ್ಲ, ಅಂದರೆ ನೆಟ್‌ವರ್ಕ್ ಸರಿ ಇದೆ ಅಂತಲ್ವಾ?

ಇಲ್ಲ. ಈ ತೊಂದರೆಯಲ್ಲಿ ಪಿಂಗ್ ಬಹಳ ಮೋಸ ಮಾಡುತ್ತದೆ. ಎರಡು ಸಾಧನಗಳೂ ಪಿಂಗ್‌ಗೆ ಉತ್ತರ ಕೊಡುತ್ತವೆ, ಹಾಗಾಗಿ ಪಟ್ಟಿಯಲ್ಲಿ ಯಾರಿದ್ದರೂ ಉತ್ತರ ಬಂದೇ ಬರುತ್ತದೆ. ಒಂದು ಪ್ಯಾಕೆಟ್ಟೂ ಕಳೆದುಹೋಗುವುದಿಲ್ಲ. ಉತ್ತರ ಬಂತಾ ಅನ್ನುವುದಕ್ಕಿಂತ ಉತ್ತರ ಕೊಟ್ಟಿದ್ದು ಯಾರು ಅನ್ನುವುದನ್ನು ನೋಡಬೇಕು.

ಪಿಂಗ್ ಸಾಲಿನ ಕೊನೆಯಲ್ಲಿ `TTL=` ಅಂತ ಒಂದು ಸಂಖ್ಯೆ ಬರುತ್ತದೆ, ಅದನ್ನು ಗಮನಿಸಿ. ಬೇರೆ ಬೇರೆ ರೀತಿಯ ಸಾಧನಗಳು ಬೇರೆ ಬೇರೆ ಸಂಖ್ಯೆಯಿಂದ ಶುರು ಮಾಡುತ್ತವೆ, 64, 128, 255 ಇವು ಸಾಮಾನ್ಯ. ಆ ಆಫೀಸಿನಲ್ಲಿ ಬೆಳಿಗ್ಗೆ 120ಕ್ಕೆ ಪಿಂಗ್ ಮಾಡಿದಾಗ 64 ಬಂತು, ಮಧ್ಯಾಹ್ನ ಅದೇ ಅಡ್ರೆಸ್‌ಗೆ 255. ಒಂದೇ ಸಾಧನ, ಒಂದೇ ಆಫೀಸಿನ ಒಳಗೆ, ಹೀಗೆ ಬದಲಾಗುವುದಕ್ಕೆ ಕಾರಣವೇ ಇಲ್ಲ. ಆದರೆ ಎರಡೂ ಸಾಧನಗಳು 64ರಿಂದಲೇ ಶುರು ಮಾಡುವಂಥವಾಗಿದ್ದರೆ ಈ ಸುಳಿವು ಸಿಗುವುದಿಲ್ಲ. ಬದಲಾದರೆ ಜಗಳ ಇದೆ ಅಂತ ತಿಳಿಯಿರಿ, ಬದಲಾಗಲಿಲ್ಲ ಅಂತ ಜಗಳ ಇಲ್ಲ ಅಂದುಕೊಳ್ಳಬೇಡಿ.

## ಅನುಮಾನ ಬಂತು, ಈಗ ಖಚಿತ ಮಾಡಿಕೊಳ್ಳುವುದು ಹೇಗೆ?

ಎಲ್ಲಕ್ಕಿಂತ ಸುಲಭದ ಪರೀಕ್ಷೆಗೆ ಯಾವ ಹೊಸ ಸಾಫ್ಟ್‌ವೇರೂ ಬೇಡ. ಅನುಮಾನ ಇರುವ ಸಾಧನದ ಕೇಬಲ್ ಕಿತ್ತುಬಿಡಿ, ಆಮೇಲೆ ಅದರ ಅಡ್ರೆಸ್‌ಗೆ ಪಿಂಗ್ ಮಾಡಿ. ಆಗಲೂ ಉತ್ತರ ಬಂದರೆ ಆ ಅಡ್ರೆಸ್‌ನಲ್ಲಿ ಇನ್ನೊಬ್ಬರು ಕೂತಿದ್ದಾರೆ. ವೈಫೈನಲ್ಲೂ ಇರುವ ಸಾಧನವಾದರೆ ಅದನ್ನು ಪೂರ್ತಿ ಬಂದ್ ಮಾಡಿ, ಕೇಬಲ್ ಕಿತ್ತರೆ ಮಾತ್ರ ಸಾಲದು.

ಇಲ್ಲಿ ಒಂದು ಎಚ್ಚರಿಕೆ. ಕೇಬಲ್ ಕೀಳುವ ಮೊದಲು ನಿಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ಆ ಸಾಧನದ ಮ್ಯಾಕ್ಕೇ ಇದ್ದರೆ, ಕಿತ್ತ ಮೇಲೂ ಸ್ವಲ್ಪ ಹೊತ್ತು ಕಂಪ್ಯೂಟರ್ ಅದೇ ಮ್ಯಾಕ್‌ಗೆ ಕಳಿಸುತ್ತಿರುತ್ತದೆ. ಉತ್ತರ ಬರುವುದಿಲ್ಲ, ಸದ್ಯ ಜಗಳ ಇಲ್ಲ ಅಂತ ನೀವು ಎದ್ದು ಹೋಗುತ್ತೀರಿ. ಹಾಗಾಗಿ ಕಿತ್ತ ಮೇಲೆ ಪಟ್ಟಿಯ ಆ ಸಾಲನ್ನು ಅಳಿಸಿ, ಆಮೇಲೆ ಪಿಂಗ್ ಮಾಡಿ. ವಿಂಡೋಸ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ:

```
arp -d 192.168.1.120
ping 192.168.1.120
arp -a 192.168.1.120
```

ಕೊನೆಯ ಕಮಾಂಡ್ ಈಗ ಉತ್ತರ ಕೊಟ್ಟವರ ಮ್ಯಾಕ್ ತೋರಿಸುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಕಿತ್ತ ಸಾಧನದ ಮೈಮೇಲೆ ಅಥವಾ ಮೆನುವಿನಲ್ಲಿರುವ ಮ್ಯಾಕ್ ಜೊತೆ ಹೋಲಿಸಿದರೆ ಎರಡೂ ಬೇರೆ ಅಂತ ಅಲ್ಲೇ ಗೊತ್ತಾಗುತ್ತದೆ.

ಕೈಯಲ್ಲಿ ಲಿನಕ್ಸ್ ಲ್ಯಾಪ್‌ಟಾಪ್ ಇದ್ದರೆ ಕೇಬಲ್ ಕೀಳದೆಯೂ ಹಿಡಿಯಬಹುದು. ಕೂಗಿ ಕೇಳಿ, ಎಷ್ಟು ಜನ ಉತ್ತರ ಕೊಡುತ್ತಾರೆ ನೋಡಿ:

```
sudo arping -b -c 4 -I eth0 192.168.1.120
```

```
Unicast reply from 192.168.1.120 [00:00:5E:00:53:1A]
Unicast reply from 192.168.1.120 [00:00:5E:00:53:C7]
```

ಕೊನೆಯಲ್ಲಿ `1A` ಒಂದು, `C7` ಇನ್ನೊಂದು. ಒಂದು ಅಡ್ರೆಸ್‌ಗೆ ಎರಡು ಮ್ಯಾಕ್ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. `eth0` ಜಾಗದಲ್ಲಿ ನಿಮ್ಮ ಲ್ಯಾಪ್‌ಟಾಪಿನ ನೆಟ್‌ವರ್ಕ್ ಕಾರ್ಡಿನ ಹೆಸರು ಹಾಕಿ. ಆ `-b` ಮಾತ್ರ ಮರೆಯಬೇಡಿ. ಲಿನಕ್ಸ್ ಜೊತೆ ಸಾಮಾನ್ಯವಾಗಿ ಬರುವ `arping` ಮೊದಲನೇ ಸಲ ಎಲ್ಲರಿಗೂ ಕೂಗುತ್ತದೆ, ಒಬ್ಬರು ಉತ್ತರ ಕೊಟ್ಟ ಮೇಲೆ ಅವರೊಬ್ಬರನ್ನೇ ಕೇಳುತ್ತಾ ಹೋಗುತ್ತದೆ. `-b` ಹಾಕಿದರೆ ಪ್ರತಿ ಸಲವೂ ಎಲ್ಲರಿಗೂ ಕೂಗುತ್ತದೆ, ಎರಡನೆಯವರು ತಪ್ಪಿಸಿಕೊಳ್ಳುವುದಿಲ್ಲ. ಎರಡೂ ಸಾಧನ ಆನ್ ಇರುವಾಗಲೇ ಇದನ್ನು ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ, ಆದರೆ ನಿದ್ದೆಗೆ ಹೋಗಿರುವ ಪ್ರಿಂಟರನ್ನು ಮೊದಲು ಒಂದು ಬಟನ್ ಒತ್ತಿ ಎಬ್ಬಿಸಿಕೊಳ್ಳಿ.

## ಎರಡನೇ ಮ್ಯಾಕ್ ಸಿಕ್ಕಿತು. ಅದು ಯಾವ ಸಾಧನ ಅಂತ ಹುಡುಕುವುದು ಹೇಗೆ?

ಮ್ಯಾಕ್‌ನಲ್ಲಿ ಆರು ಜೋಡಿ ಇರುತ್ತವೆ. ಮೊದಲ ಮೂರು ಜೋಡಿ ತಯಾರಕರಿಗೆ ಕೊಟ್ಟಿರುವ ನಂಬರ್, ಅದನ್ನು ಹುಡುಕಿದರೆ ಯಾವ ಕಂಪನಿಯ ಕಾರ್ಡ್ ಅಂತ ಗೊತ್ತಾಗುತ್ತದೆ. ಮೇಲೆ ನಾನು ಬರೆದಿರುವುದು ಉದಾಹರಣೆಗಾಗಿಯೇ ಮೀಸಲಿಟ್ಟ ನಂಬರುಗಳು, ಅದಕ್ಕೇ ಎರಡರ ಮೊದಲ ಭಾಗ ಒಂದೇ ಇದೆ. ನಿಮ್ಮಲ್ಲಿ ಸಾಮಾನ್ಯವಾಗಿ ಬೇರೆ ಇರುತ್ತದೆ. ಫೋನ್ ಮಾಡುವ ಕಂಪನಿಯ ಹೆಸರು ಬಂದರೆ ಫೋನುಗಳ ಹಿಂದಿನ ಸ್ಟಿಕ್ಕರ್ ನೋಡುತ್ತಾ ಹೋಗಿ, ಹತ್ತು ನಿಮಿಷದ ಕೆಲಸ.

ಮೊದಲ ಜೋಡಿಯ ಎರಡನೇ ಅಕ್ಷರ 2, 6, `A` ಅಥವಾ `E` ಆಗಿದ್ದರೆ ತಯಾರಕರ ಹೆಸರು ಹುಡುಕಿ ಪ್ರಯೋಜನ ಇಲ್ಲ. ಅದು ಸಾಧನದೊಳಗಿನ ಸಾಫ್ಟ್‌ವೇರ್ ತಾನೇ ಮಾಡಿಕೊಂಡ ಮ್ಯಾಕ್. ಹೆಚ್ಚಾಗಿ ಯಾರದೋ ಮೊಬೈಲ್ ವೈಫೈಗೆ ಸೇರಿರುತ್ತದೆ, ಇಲ್ಲವೇ ಯಾವುದೋ ಕಂಪ್ಯೂಟರಿನ ಒಳಗೆ ಓಡುತ್ತಿರುವ ವರ್ಚುವಲ್ ಯಂತ್ರ ಇರುತ್ತದೆ.

ರೂಟರಿನ ಒಳಗೆ ಹೋಗಿ ಅದು ಹಂಚಿದ ಅಡ್ರೆಸ್‌ಗಳ ಪಟ್ಟಿಯನ್ನೂ ನೋಡಿ. ನಮ್ಮ ಕೇಸಿನಲ್ಲಿ ಅಲ್ಲಿ 120ರ ಮುಂದೆ ಫೋನಿನ ಮ್ಯಾಕ್ ಇತ್ತು, ಪ್ರಿಂಟರಿನದ್ದು ಎಲ್ಲೂ ಇರಲಿಲ್ಲ. ಇದರಿಂದ ಇನ್ನೊಂದು ವಿಷಯವೂ ಗೊತ್ತಾಯಿತು, ಫೋನ್ ಕೇಳಿ ಪಡೆದಿದ್ದು, ಪ್ರಿಂಟರ್‌ಗೆ ಕೈಯಿಂದ ಬರೆದಿದ್ದು. ಎರಡೂ ಮ್ಯಾಕ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಎರಡಕ್ಕೂ ಕೈಯಿಂದಲೇ ಬರೆದಿದ್ದಾರೆ ಅಥವಾ ಆಫೀಸಿನಲ್ಲಿ ಅಡ್ರೆಸ್ ಹಂಚುವ ಇನ್ನೊಂದು ರೂಟರ್ ಇದೆ.

ಪೋರ್ಟ್ ತೋರಿಸುವ ಸ್ವಿಚ್ ಇದ್ದರೆ ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅಂತ ನೇರವಾಗಿ ನೋಡಬಹುದು. ಸಾದಾ ಸ್ವಿಚ್ ಆದರೆ ಆ ಅಡ್ರೆಸ್‌ಗೆ ಪಿಂಗ್ ಬಿಟ್ಟುಕೊಂಡು ಒಂದೊಂದೇ ಕೇಬಲ್ ಕಿತ್ತು ನೋಡುವುದೇ ದಾರಿ. ಕೆಲಸದ ಹೊತ್ತು ಬಿಟ್ಟು ಮಾಡಿ.

## ವಿಂಡೋಸ್ ತಾನೇ ಎಚ್ಚರಿಕೆ ಕೊಡುತ್ತದಲ್ವಾ? ನಮಗೆ ಏನೂ ಬಂದಿಲ್ಲ.

ಜಗಳದಲ್ಲಿ ವಿಂಡೋಸ್ ಕಂಪ್ಯೂಟರ್ ಪಾಲುದಾರ ಆಗಿದ್ದರೆ ಕೊಡುತ್ತದೆ. ತನ್ನ ಅಡ್ರೆಸ್ಸನ್ನೇ ಬೇರೆ ಮ್ಯಾಕ್ ಹೇಳಿಕೊಳ್ಳುವುದನ್ನು ನೋಡಿದರೆ ಅದು ಸಿಸ್ಟಮ್ ಲಾಗ್‌ನಲ್ಲಿ `Tcpip` ಹೆಸರಲ್ಲಿ 4199 ಅನ್ನುವ ನಂಬರಿನ ಸಾಲು ಬರೆಯುತ್ತದೆ, ಅದರಲ್ಲಿ ಎದುರಾಳಿಯ ಮ್ಯಾಕ್ ಕೂಡ ಇರುತ್ತದೆ. ಪವರ್‌ಶೆಲ್‌ನಲ್ಲಿ ಹೀಗೆ ನೋಡಬಹುದು:

```
Get-WinEvent -FilterHashtable @{LogName='System'; ProviderName='Tcpip'; Id=4199}
```

ಆದರೆ ನಮ್ಮ ಕೇಸಿನಲ್ಲಿ ಜಗಳ ಫೋನಿಗೂ ಪ್ರಿಂಟರಿಗೂ. ಕಂಪ್ಯೂಟರುಗಳು ಸುಮ್ನೆ ನೋಡುತ್ತಿದ್ದವು, ಅವುಗಳ ಅಡ್ರೆಸ್‌ಗೆ ಯಾರೂ ಕೈ ಹಾಕಿರಲಿಲ್ಲ. ಎಲ್ಲಾ ಕಂಪ್ಯೂಟರಿನ ಲಾಗ್ ಹುಡುಕಿದರೂ ಒಂದು ಸಾಲೂ ಸಿಗುತ್ತಿರಲಿಲ್ಲ.

ಸಾಧನಗಳು ಹೇಗೆ ನಡೆದುಕೊಳ್ಳಬೇಕು ಅಂತ 2008ರಲ್ಲಿ ಬಂದ ಆರ್‌ಎಫ್‌ಸಿ 5227 ಅನ್ನುವ ನಿಯಮ ಇದೆ. ಅಡ್ರೆಸ್ ಬಳಸುವ ಮೊದಲು ಮೂರು ಸಲ ಕೂಗಿ ಇದು ಯಾರದಾದರೂ ಆಗಿದೆಯಾ ಅಂತ ಕೇಳಬೇಕು, ಬಳಸುತ್ತಿರುವಾಗ ಬೇರೆಯವರು ಅದನ್ನು ಹೇಳಿಕೊಂಡರೆ ಏನು ಮಾಡಬೇಕು, ಎಲ್ಲಾ ಅದರಲ್ಲಿದೆ. ಇದನ್ನು ಪಾಲಿಸುವ ಸಾಧನಗಳ ನಡುವೆ ಜಗಳ ಆದರೂ ಬೇಗ ಮುಗಿಯುತ್ತದೆ, ಒಂದು ಹಿಂದೆ ಸರಿಯುತ್ತದೆ. ಹಿಂದೆ ಸರಿದ ವಿಂಡೋಸ್ ಕಂಪ್ಯೂಟರಿನಲ್ಲಿ `ipconfig /all` ಕೊಟ್ಟರೆ ಅಡ್ರೆಸ್ ಪಕ್ಕ `Duplicate` ಅಂತ ಕಾಣಬಹುದು, ಇಲ್ಲವೇ `169.254` ಇಂದ ಶುರುವಾಗುವ ಕೆಲಸಕ್ಕೆ ಬಾರದ ಅಡ್ರೆಸ್ ಬಂದಿರಬಹುದು. ಎಳೆದಾಟ ತಿಂಗಳುಗಟ್ಟಲೆ ನಡೆಯುವುದು ಕೈಯಿಂದ ಅಡ್ರೆಸ್ ಬರೆದ, ಪರೀಕ್ಷೆ ಮಾಡದ ಸಾಧನಗಳಲ್ಲಿ. ಪ್ರಿಂಟರ್, ಕ್ಯಾಮೆರಾ, ಹಾಜರಿ ಯಂತ್ರ ಇಂಥವುಗಳನ್ನೇ ಮೊದಲು ಅನುಮಾನಿಸಿ.

## ಎಲ್ಲಾ ಒಂದು ಸಲ ರೀಸ್ಟಾರ್ಟ್ ಮಾಡಿದರೆ ಸರಿಹೋಗಲ್ವಾ?

ಸ್ವಲ್ಪ ಹೊತ್ತು ಹೋಗಬಹುದು. ಕೆಲವು ರೂಟರುಗಳು ರೀಸ್ಟಾರ್ಟ್ ಆದಾಗ ತಾವು ಹಂಚಿದ್ದನ್ನೆಲ್ಲ ಮರೆತುಬಿಡುತ್ತವೆ, ಆಗ ಹೊಸ ಜಗಳಗಳೂ ಹುಟ್ಟಬಹುದು. ಅಷ್ಟಲ್ಲದೆ ಪಟ್ಟಿಗಳೆಲ್ಲ ಅಳಿದುಹೋಗುತ್ತವೆ, ಯಾವ ಮ್ಯಾಕ್ ಕೂತಿತ್ತು ಅನ್ನುವ ಸಾಕ್ಷಿ ನಿಮ್ಮ ಕೈಯಿಂದಲೇ ಹೋಗುತ್ತದೆ. ದಯವಿಟ್ಟು ಮೊದಲು `arp -a` ಕೊಟ್ಟು ಬಂದಿದ್ದನ್ನು ಒಂದು ಫೈಲಿಗೆ ಉಳಿಸಿ, ಆಮೇಲೆ ಬೇಕಾದರೆ ರೀಸ್ಟಾರ್ಟ್ ಮಾಡಿ.

## ಸರಿ, ಮತ್ತೆ ಬಾರದ ಹಾಗೆ ಸರಿ ಮಾಡುವುದು ಹೇಗೆ?

ಪ್ರಿಂಟರ್ ಅಡ್ರೆಸ್ಸನ್ನು 120ರಿಂದ 121 ಮಾಡಿ ಕೈತೊಳೆದುಕೊಳ್ಳುವವರನ್ನು ನೋಡಿದ್ದೇನೆ. ಅದೂ ರೂಟರ್ ಹಂಚುವ ಸಾಲಿನ ಒಳಗೇ ಇದೆ, ಮುಂದಿನ ತಿಂಗಳು ಬೇರೆ ಯಾರಿಗೋ ಸಿಗುತ್ತದೆ. ಕೈಯಿಂದ ಬರೆಯುವ ಜಾಗ ಬೇರೆ, ರೂಟರ್ ಹಂಚುವ ಜಾಗ ಬೇರೆ ಅಂತ ಆಗಬೇಕು.

ನಾವು ಮಾಡಿದ್ದು ಹೀಗೆ. ರೂಟರ್ 100ರಿಂದ 199ರವರೆಗೆ ಹಂಚಲಿ ಅಂತ ಹಾಗೇ ಬಿಟ್ಟೆವು. 2ರಿಂದ 99ರವರೆಗೆ ಕೈಯಿಂದ ಬರೆಯುವುದಕ್ಕೆ ಅಂತ ಇಟ್ಟುಕೊಂಡೆವು. ಆದರೆ ಬರೆಯುವ ಮೊದಲು ಆ ಜಾಗದಲ್ಲಿ ಹಳೆಯದು ಯಾವುದಾದರೂ ಇದೆಯಾ ನೋಡಬೇಕಲ್ಲ, ಎಲ್ಲಾ ಸಾಧನಗಳನ್ನು ಆನ್ ಮಾಡಿಸಿ 20ಕ್ಕೆ `arping` ಕೊಟ್ಟು ಯಾರೂ ಉತ್ತರ ಕೊಡದ್ದನ್ನು ನೋಡಿಕೊಂಡೇ ಪ್ರಿಂಟರಿನ ಮೆನುವಿನಲ್ಲಿ `192.168.1.20` ಅಂತ ಬರೆದೆ. ಫೋನನ್ನು ಮುಟ್ಟಲೇ ಇಲ್ಲ. ಅದು 120ರಲ್ಲಿ ಇರುವುದು ನ್ಯಾಯವೇ, ರೂಟರನ್ನು ಕೇಳಿ ಪಡೆದದ್ದು.

ಇಲ್ಲಿಗೆ ಮುಗಿಯುವುದಿಲ್ಲ. ಪ್ರತಿ ಕಂಪ್ಯೂಟರಿನಲ್ಲೂ ಪ್ರಿಂಟರ್ 120ರಲ್ಲಿದೆ ಅಂತ ಬರೆದಿರುತ್ತದೆ. ಅದನ್ನು ಬದಲಿಸದಿದ್ದರೆ ಎಲ್ಲಾ ಪ್ರಿಂಟುಗಳೂ ಇನ್ನು ಮುಂದೆ ಖಾಯಂ ಆಗಿ ಫೋನಿನ ಬಾಗಿಲು ತಟ್ಟುತ್ತವೆ, ಮೊದಲು ಆಗಾಗ ಆಗುತ್ತಿದ್ದ ಪ್ರಿಂಟ್ ಈಗ ಒಂದೂ ಆಗುವುದಿಲ್ಲ. ವಿಂಡೋಸ್‌ನಲ್ಲಿ `Printer properties` ಒಳಗೆ `Ports` ಅನ್ನುವಲ್ಲಿ ಹೋಗಿ 20ಕ್ಕೆ ಹೊಸ `Standard TCP/IP Port` ಸೇರಿಸಿ. ಹನ್ನೊಂದು ಕಂಪ್ಯೂಟರಿಗೆ ನನಗೆ ಒಂದು ಗಂಟೆ ಹಿಡಿಯಿತು. ಸ್ಕ್ಯಾನ್ ಮಾಡಿ ಫೋಲ್ಡರಿಗೆ ಕಳಿಸುವ ವ್ಯವಸ್ಥೆ ಇದ್ದರೆ ಅದನ್ನೂ ಒಮ್ಮೆ ಪರೀಕ್ಷಿಸಿ.

ಪ್ರಿಂಟರ್ ಬಿಟ್ಟು ರೂಟರ್ ಹಂಚುವ ಸಾಲನ್ನೇ ಬದಲಾಯಿಸುತ್ತೇನೆ ಅನ್ನುವುದಾದರೆ ಒಂದು ನೆನಪಿಡಿ. ಸಾಲು ಬದಲಿಸಿದ ಕೂಡಲೇ ಆಗಲೇ ಕೊಟ್ಟ ಅಡ್ರೆಸ್‌ಗಳು ವಾಪಸ್ ಬರುವುದಿಲ್ಲ. ಫೋನ್ ಮುಂದಿನ ಸಲ ರೂಟರನ್ನು ಕೇಳುವವರೆಗೆ 120ರಲ್ಲೇ ಇರುತ್ತದೆ. ಹಾಗಾಗಿ ಸಾಲು ಬದಲಿಸಿದ ಮೇಲೆ ಫೋನನ್ನು ಆಫ್ ಮಾಡಿ ಆನ್ ಮಾಡಿ, ಹೊಸ ನಂಬರ್ ಬಂತಾ ಅಂತ ಅದರ ಪರದೆಯಲ್ಲೇ ನೋಡಿ.

## ಕೈಯಿಂದ ಬರೆಯುವುದು ಒಳ್ಳೆಯದಾ, ರೂಟರಿನಲ್ಲಿ ರಿಸರ್ವ್ ಮಾಡುವುದು ಒಳ್ಳೆಯದಾ?

ನನ್ನ ಮಟ್ಟಿಗೆ ರಿಸರ್ವ್ ಮಾಡುವುದೇ ಒಳ್ಳೆಯದು. ಇಂಥ ಮ್ಯಾಕ್ ಬಂದರೆ ಇದೇ ಅಡ್ರೆಸ್ ಕೊಡು ಅಂತ ರೂಟರಿನಲ್ಲಿ ಬರೆದಿಟ್ಟರೆ ಲೆಕ್ಕವೆಲ್ಲ ಒಂದೇ ಕಡೆ ಇರುತ್ತದೆ, ಬಂದ್ ಆಗಿರುವ ಪ್ರಿಂಟರಿನ ಜಾಗವನ್ನೂ ರೂಟರ್ ಬೇರೆಯವರಿಗೆ ಕೊಡುವುದಿಲ್ಲ. ಪ್ರಿಂಟರಿನ ಮೆನುವಿನಲ್ಲಿ ಮಾತ್ರ ಅಡ್ರೆಸ್ ತಾನಾಗಿ ಪಡೆಯುವಂತೆ ಇಡಬೇಕು.

ಎರಡು ಕಡೆ ಜನ ಎಡವುತ್ತಾರೆ. ಪ್ರಿಂಟರಿನ ವೈಫೈಗೆ ಒಂದು ಮ್ಯಾಕ್, ಕೇಬಲ್‌ಗೆ ಇನ್ನೊಂದು. ಒಂದಕ್ಕೆ ರಿಸರ್ವ್ ಮಾಡಿ ಇನ್ನೊಂದರಲ್ಲಿ ಓಡಿಸಿದರೆ ಉಪಯೋಗ ಇಲ್ಲ. ಇನ್ನೊಂದು, ರೂಟರ್ ಬದಲಿಸಿದಾಗ ರಿಸರ್ವ್ ಮಾಡಿದ್ದೆಲ್ಲ ಹಳೆಯ ರೂಟರಿನ ಜೊತೆ ಹೋಗುತ್ತದೆ. ಸಾಧನದ ಹೆಸರು, ಮ್ಯಾಕ್, ಅಡ್ರೆಸ್ ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ರೂಟರ್ ಪಕ್ಕದಲ್ಲೇ ಅಂಟಿಸಿಡಿ. ನಮ್ಮ ಕೇಸಿನಲ್ಲಿ ಆ ಹಾಳೆ ಇದ್ದಿದ್ದರೆ ರೂಟರ್ ಬದಲಿಸಿದವರು 120 ಅನ್ನುವುದನ್ನು ಆ ದಿನವೇ ನೋಡುತ್ತಿದ್ದರು.

## ರೂಟರಿನ ಅಡ್ರೆಸ್‌ಗೇ ಇನ್ನೊಬ್ಬರು ಬಂದು ಕೂತರೆ?

ಆಗ ಒಂದು ಸಾಧನ ಅಲ್ಲ, ಇಡೀ ಆಫೀಸೇ ತಡವರಿಸುತ್ತದೆ. ಸಾಮಾನ್ಯವಾಗಿ ಆಗುವುದು ಹೀಗೆ: ವೈಫೈ ಸಿಗುತ್ತಿಲ್ಲ ಅಂತ ಯಾರೋ ಹಳೆಯ ರೂಟರ್ ಒಂದನ್ನು ತಂದು ಗೋಡೆಯ ಪೋರ್ಟಿಗೆ ಸಿಕ್ಕಿಸುತ್ತಾರೆ, ಅದರ ಅಡ್ರೆಸ್ಸೂ `192.168.1.1`. ಯಾರ ಪಟ್ಟಿಯಲ್ಲಿ ಹಳೆಯದರ ಮ್ಯಾಕ್ ಬಿತ್ತೋ ಅವರ ಇಂಟರ್‌ನೆಟ್ ನಿಂತಿತು. ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲಿ `arp -a` ಕೊಟ್ಟು 1ರ ಮುಂದಿನ ಮ್ಯಾಕ್ ನೋಡಿ, ನಿಜವಾದ ರೂಟರಿನ ಸ್ಟಿಕ್ಕರ್ ಜೊತೆ ಹೋಲಿಸಿ. ಸ್ಟಿಕ್ಕರ್ ಮೇಲಿನದಕ್ಕೂ ಇದಕ್ಕೂ ಕೊನೆಯ ಒಂದೆರಡು ಅಂಕಿ ವ್ಯತ್ಯಾಸ ಇದ್ದರೆ ಅದೇ ರೂಟರಿನ ಇನ್ನೊಂದು ಪೋರ್ಟ್ ಇರಬಹುದು, ಪೂರ್ತಿ ಬೇರೆ ಇದ್ದರೆ ಎರಡನೇ ರೂಟರ್ ಹುಡುಕಿ. ಅದು ಅಡ್ರೆಸ್ಸನ್ನೂ ಹಂಚುತ್ತಿದ್ದರೆ ಇನ್ನಷ್ಟು ಕಡೆ ಜಗಳ ಹಚ್ಚಿರುತ್ತದೆ, ಮೊದಲು ಅದನ್ನು ಕಿತ್ತಿಡಿ.

## ಯಾವಾಗ ಇದು ಅಡ್ರೆಸ್ ಜಗಳ ಅಲ್ಲ ಅಂತ ಬಿಟ್ಟುಬಿಡಬಹುದು?

ಕೆಡುತ್ತಿರುವ ಸಾಧನದ ಅಡ್ರೆಸ್‌ಗೆ ಎರಡು ದಿನ ಬೇರೆ ಬೇರೆ ಹೊತ್ತಿನಲ್ಲಿ, ಅದರಲ್ಲೂ ಕೆಟ್ಟಿರುವ ಹೊತ್ತಿನಲ್ಲೇ, ಕೇಳಿದಾಗಲೂ ಒಂದೇ ಮ್ಯಾಕ್ ಬಂದರೆ, ಮತ್ತು ಅದು ಆ ಸಾಧನದ್ದೇ ಮ್ಯಾಕ್ ಆಗಿದ್ದರೆ, ಕಾರಣ ಬೇರೆ ಕಡೆ ಇದೆ. ಪಿಂಗ್‌ನಲ್ಲಿ ನಡುನಡುವೆ ಉತ್ತರ ಕಳೆದುಹೋಗುತ್ತಿದ್ದರೆ ಕೇಬಲ್ ಅಥವಾ ಪೋರ್ಟ್ ನೋಡಿ. ಎಲ್ಲರಿಗೂ ಒಟ್ಟಿಗೆ ನಿಂತು, ರೂಟರಿಗೂ ಪಿಂಗ್ ಹೋಗದೆ, ಸ್ವಿಚ್‌ನ ದೀಪಗಳೆಲ್ಲ ಒಂದೇ ಸಮ ಹೊಡೆದುಕೊಳ್ಳುತ್ತಿದ್ದರೆ ಒಂದೇ ಕೇಬಲಿನ ಎರಡೂ ತುದಿ ಸ್ವಿಚ್‌ಗೇ ಸೇರಿರಬಹುದು. ವೈಫೈನಲ್ಲಿ ಇರುವವರಿಗೆ ಮಾತ್ರ ಆಗುತ್ತಿದ್ದರೆ ಅದು ವೈಫೈ ಕಥೆ.

ಒಂದು ಅಪರೂಪದ ಸಂಗತಿ ಇದೆ, ಎರಡು ವರ್ಚುವಲ್ ಯಂತ್ರಗಳನ್ನು ಒಂದರಿಂದ ಒಂದು ನಕಲು ಮಾಡಿದಾಗ ಮ್ಯಾಕ್ ಕೂಡ ಒಂದೇ ಆಗಿಬಿಡಬಹುದು. ಆಗ ಮೇಲಿನ ಯಾವ ಪರೀಕ್ಷೆಯಲ್ಲೂ ಎರಡು ಮ್ಯಾಕ್ ಕಾಣುವುದಿಲ್ಲ. ಪೋರ್ಟ್ ತೋರಿಸುವ ಸ್ವಿಚ್‌ನಲ್ಲಿ ಒಂದೇ ಮ್ಯಾಕ್ ಈ ಪೋರ್ಟಿಂದ ಆ ಪೋರ್ಟಿಗೆ ಹಾರುತ್ತಿರುವುದು ಕಾಣುತ್ತದೆ. ನಕಲು ಮಾಡಿದ್ದು ನೆನಪಿದ್ದರೆ ಮೊದಲು ಅದನ್ನೇ ನೋಡಿ.

## ಸರಿ ಮಾಡಿದ ಮೇಲೆ ನಿಜಕ್ಕೂ ಸರಿಹೋಯಿತಾ ಅಂತ ಹೇಗೆ ನೋಡುವುದು?

ತೊಂದರೆ ಯಾವಾಗ ಬರುತ್ತಿತ್ತೋ ಆಗಲೇ ನೋಡಬೇಕು. ನಮ್ಮಲ್ಲಿ ಅದು ಬೆಳಿಗ್ಗೆ ಪ್ರಿಂಟರ್ ಆನ್ ಮಾಡುವ ಹೊತ್ತು. ನಾನು ಮರುದಿನ ಫೋನಿನಲ್ಲಿ ಮಾತಾಡುತ್ತಾ ನಿಂತುಕೊಂಡು ಪ್ರಿಂಟರ್ ಆನ್ ಮಾಡಿಸಿದೆ, ನಿದ್ದೆಗೆ ಕಳಿಸಿ ಎಬ್ಬಿಸಿದೆ, ನಲವತ್ತು ಪುಟದ ಫೈಲ್ ಪ್ರಿಂಟಿಗೆ ಕೊಟ್ಟೆ. ದನಿ ಒಂದು ಸಲವೂ ನಿಲ್ಲಲಿಲ್ಲ. ಆಮೇಲೆ 120ಕ್ಕೂ 20ಕ್ಕೂ `arping` ಕೊಟ್ಟೆ, ಒಂದೊಂದಕ್ಕೆ ಒಂದೊಂದೇ ಮ್ಯಾಕ್ ಬಂತು.